ಕೇಳದೆ ಬರುವ ಬ್ಯಾಕ್‌ಲಿಂಕ್

ಒಂದು ಜಾಲತಾಣದ ಪುಟ ಮತ್ತೊಂದು ತಾಣದ ಪುಟಕ್ಕೆ ಕೊಂಡಿ ಕೊಟ್ಟರೆ, ಪಡೆದವರ ಪಾಲಿಗೆ ಅದು ಬ್ಯಾಕ್‌ಲಿಂಕ್. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ವಿವರಿಸಿದ ಪೇಜ್‌ರ್ಯಾಂಕ್ ವಿಧಾನ ಇಂಥ ಕೊಂಡಿಗಳಿಂದಲೇ ಪುಟದ ಮಹತ್ವವನ್ನು ಅಳೆಯಿತು. ಮಹತ್ವದ ಪುಟದಿಂದ ಬಂದ ಕೊಂಡಿಗೆ ಅಲ್ಲಿ ಹೆಚ್ಚು ತೂಕ. ಗೂಗಲ್ ಇಂದು ಇನ್ನೂ ಅನೇಕ ಸಂಗತಿಗಳನ್ನು ನೋಡುತ್ತದೆ, ಆದರೆ ಕೊಂಡಿಯನ್ನು ಕೈಬಿಟ್ಟಿಲ್ಲ.

ಕೊಂಡಿಗೆ ಬೆಲೆ ಬಂದೊಡನೆ ಅದರ ಮಾರಾಟವೂ ಶುರುವಾಯಿತು. ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಗೆ ಸಂಬಂಧವೇ ಇಲ್ಲದ ತಾಣಗಳಿಂದ ಸಾವಿರಾರು ಕೊಂಡಿಗಳಿದ್ದುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಗೂಗಲ್ ಕ್ರಮ ಕೈಗೊಂಡು, ಮೊದಲ ಸ್ಥಾನಗಳಲ್ಲಿದ್ದ ಆ ತಾಣವನ್ನು ಬಹಳ ಕೆಳಕ್ಕೆ ಇಳಿಸಿತು. ಮರುವರ್ಷ ಬಂದ ಪೆಂಗ್ವಿನ್ ಪರಿಷ್ಕರಣೆ ಇಂಥ ಕೃತಕ ಕೊಂಡಿಗಳನ್ನೇ ಗುರಿಯಾಗಿಸಿತು. ಹಣ ಕೊಟ್ಟು ಪಡೆದ ಕೊಂಡಿಯಲ್ಲಿ `rel="sponsored"` ಅಥವಾ `rel="nofollow"` ಎಂಬ ಗುರುತು ಇರಬೇಕೆಂಬುದು ಇಂದಿನ ನಿಯಮ.

ಒಬ್ಬ ಪತ್ರಕರ್ತ ತನ್ನ ಬರಹದಲ್ಲಿ ಇನ್ನೊಂದು ಪುಟಕ್ಕೆ ಕೊಂಡಿ ಕೊಡುವುದು ಸಾಮಾನ್ಯವಾಗಿ ಒಂದು ಮಾತಿಗೆ ಆಧಾರ ಬೇಕಾದಾಗ. ಬೇರೆಲ್ಲೂ ಸಿಗದ ಆಧಾರವನ್ನು ತಯಾರಿಸಿ ಇಡುವುದೇ ಕೊಂಡಿಯನ್ನು ನ್ಯಾಯವಾಗಿ ಗಳಿಸುವ ದಾರಿ. ಮಲೆನಾಡಿನಲ್ಲಿ ಅಡಿಕೆ ವ್ಯಾಪಾರದ ಸಣ್ಣ ತಾಣವೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಕೆಲಸವನ್ನು ನೋಡಬಹುದು.

ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಮಾರುಕಟ್ಟೆವಾರು, ತಳಿವಾರು ದಿನದ ದರಗಳು ಸಿಗುತ್ತವೆ. ಅವನ್ನು ಹಾಗೆಯೇ ನಕಲು ಮಾಡಿದರೆ ಯಾರೂ ಉಲ್ಲೇಖಿಸುವುದಿಲ್ಲ, ಮೂಲವೇ ಅಲ್ಲಿದೆಯಲ್ಲ. ಶಿವಮೊಗ್ಗ ಮತ್ತು ಶಿರಸಿ ಮಾರುಕಟ್ಟೆಗಳಲ್ಲಿ ಐದು ವರ್ಷ ರಾಶಿ ಅಡಿಕೆಯ ದರಕ್ಕೆ ಇದ್ದ ಅಂತರ ಯಾವ ತಿಂಗಳಲ್ಲಿ ಎಷ್ಟು ಎಂದು ಲೆಕ್ಕ ಹಾಕಿದರೆ, ಅದು ಹೊಸ ಮಾಹಿತಿಯಾಗುತ್ತದೆ. ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರಕ್ಕೆ ಮೋಡಲ್ ದರ ಎಂದು ಹೆಸರು. ಪ್ರತಿ ತಿಂಗಳ ಮೋಡಲ್ ದರಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ, ಒಂದೆರಡು ವಿಪರೀತ ದಿನಗಳು ಚಿತ್ರವನ್ನು ಕೆಡಿಸುವುದಿಲ್ಲ.

ತಪ್ಪುವುದು ಮುಖ್ಯವಾಗಿ ಎರಡು ಕಡೆ. ಬೇಯಿಸಿ ಒಣಗಿಸಿದ ರಾಶಿಯ ಸಾಲಿಗೆ ಬಿಳಿ ಚಾಲಿಯ ದರ ಸೇರಿಕೊಂಡರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಆವಕ ತೀರಾ ಕಡಿಮೆಯಿದ್ದ ದಿನದ ದರವೂ ಮಾರುಕಟ್ಟೆಯ ನಿಜಸ್ಥಿತಿಯನ್ನು ಹೇಳುವುದಿಲ್ಲ. ಒಂದು ತಿಂಗಳ ಅಂತರ ಇದ್ದಕ್ಕಿದ್ದಂತೆ ದುಪ್ಪಟ್ಟಾದರೆ, ಅದನ್ನು ಸುದ್ದಿಯೆಂದು ಪ್ರಕಟಿಸುವ ಮೊದಲು ಮೂಲ ಸಾಲುಗಳನ್ನು ಮತ್ತೆ ನೋಡಬೇಕು. ಯಾವ ದಿನಗಳನ್ನು ಕೈಬಿಡಲಾಗಿದೆ, ಯಾಕೆ ಎಂಬುದನ್ನು ಪುಟದಲ್ಲೇ ಬರೆಯಬೇಕು. ಪರೀಕ್ಷಿಸಲು ಬಾರದ ಅಂಕಿಯನ್ನು ಎಚ್ಚರವುಳ್ಳ ಪತ್ರಕರ್ತ ಬಳಸುವುದಿಲ್ಲ.

ಅಂಕಿ ಏನಾಯಿತು ಎಂಬುದನ್ನು ಹೇಳುತ್ತದೆ. ಯಾಕಾಯಿತು ಎಂಬುದನ್ನು ಬಲ್ಲವರು ಹೇಳಬೇಕು. ಅಡಿಕೆ ಮಾರಾಟ ಸಹಕಾರ ಸಂಘದ ಅಧಿಕಾರಿಗೋ ತೋಟಗಾರಿಕೆ ವಿಜ್ಞಾನಿಗೋ ಕೋಷ್ಟಕವನ್ನು ಮೊದಲೇ ಕಳಿಸಿ, ‘ಈ ಎರಡು ತಿಂಗಳಲ್ಲಿ ಶಿರಸಿಯ ದರ ಮೇಲಿರಲು ಕಾರಣವೇನು?’ ಎಂದು ನಿರ್ದಿಷ್ಟವಾಗಿ ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ‘ಅಡಿಕೆಯ ಭವಿಷ್ಯ ಹೇಗಿದೆ?’ ಎಂದು ಕೇಳಿದರೆ ಎಲ್ಲರೂ ಹೇಳುವ ಮಾತೇ ಬರುತ್ತದೆ. ಹೆಸರು, ಹುದ್ದೆ, ಮಾತು ಮೂರನ್ನೂ ಅವರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಮಾತಿಗೆ ಪ್ರತಿಯಾಗಿ ಅವರ ಸಂಸ್ಥೆಯ ತಾಣದಿಂದ ಕೊಂಡಿ ಕೇಳಿದರೆ, ಅದು ಮತ್ತೆ ವ್ಯವಹಾರವೇ ಆಗುತ್ತದೆ.

ಇಷ್ಟನ್ನೂ ಇಡುವ ಪುಟದ ವಿಳಾಸ ಶಾಶ್ವತವಾಗಿರಬೇಕು. ವಿಳಾಸದಲ್ಲಿ ಇಸವಿ ಸೇರಿಸಿ ವರ್ಷಕ್ಕೊಂದು ಹೊಸ ಪುಟ ಮಾಡಿದರೆ ಬಂದ ಕೊಂಡಿಗಳು ಹಂಚಿಹೋಗುತ್ತವೆ. ಒಂದೇ ಪುಟವನ್ನು ಪ್ರತಿ ತಿಂಗಳು ನವೀಕರಿಸಿದರೆ ಅವು ಒಂದೆಡೆ ಸೇರುತ್ತವೆ. ಕೋಷ್ಟಕ, ಇಳಿಸಿಕೊಳ್ಳಬಹುದಾದ ಕಡತ, ನವೀಕರಿಸಿದ ದಿನಾಂಕ ಮತ್ತು ಅಗ್‌ಮಾರ್ಕ್‌ನೆಟ್‌ನ ಉಲ್ಲೇಖ ಅಲ್ಲಿದ್ದರೆ ರೈತನಿಗೂ ಅದು ಉಪಯೋಗಕ್ಕೆ ಬರುತ್ತದೆ, ವರದಿಗಾರನಿಗೂ ಬರುತ್ತದೆ.

ಪುಟ ಇರುವುದು ತಿಳಿಯದಿದ್ದರೆ ಯಾರೂ ಅದನ್ನು ಉಲ್ಲೇಖಿಸಲಾರರು. ಈಗಾಗಲೇ ಅಡಿಕೆ ದರದ ಬಗ್ಗೆ ಬರೆದಿರುವ ಕೆಲವೇ ವರದಿಗಾರರಿಗೆ, ಮುಖ್ಯ ಅಂಶವನ್ನು ಮೂರ್ನಾಲ್ಕು ಸಾಲಲ್ಲಿ ಹೇಳುವ ಪತ್ರ ಸಾಕು. ಕೊಂಡಿ ಕೊಡಬೇಕೇ ಎಂಬುದು ಅವರ ತೀರ್ಮಾನ. ನೂರಾರು ಜನಕ್ಕೆ ಒಂದೇ ಒಕ್ಕಣೆಯ ಪತ್ರ ಹೋದರೆ ಅದು ಕಿರಿಕಿರಿ ಮಾತ್ರ.

ಫಲ ಬಂದಿದೆಯೇ ಎಂಬುದನ್ನು ಗೂಗಲ್ ಸರ್ಚ್ ಕನ್ಸೋಲ್‌ನ Links ವರದಿಯಲ್ಲಿ ನೋಡಬಹುದು, ಆದರೆ ಎಲ್ಲ ಕೊಂಡಿಗಳೂ ಅಲ್ಲಿ ಕಾಣುವುದಿಲ್ಲ. ಸಹಜವಾಗಿ ಬಂದ ಕೊಂಡಿಗಳಲ್ಲಿ ಪದಗಳು ಬೇರೆಬೇರೆ ಇರುತ್ತವೆ, ಕೊಟ್ಟ ತಾಣಗಳಿಗೂ ವಿಷಯಕ್ಕೂ ನಂಟಿರುತ್ತದೆ. ಸಂಬಂಧವಿಲ್ಲದ ಹತ್ತಾರು ತಾಣಗಳಲ್ಲಿ ‘ಕಡಿಮೆ ಬೆಲೆಗೆ ಅಡಿಕೆ’ ಎಂಬ ಒಂದೇ ಪದಗುಚ್ಛ ಕಂಡರೆ ಯಾರೋ ಕೊಂಡಿ ಕೊಂಡಿರುವ ಅನುಮಾನ ಬರುತ್ತದೆ. ಗಳಿಸಿದ ಕೊಂಡಿಗಳು ಬರಲು ತಿಂಗಳುಗಳೇ ಹಿಡಿಯಬಹುದು, ಬಂದ ಮೇಲೂ ಹುಡುಕಾಟದಲ್ಲಿ ಮೇಲಿನ ಸ್ಥಾನ ಖಚಿತವಲ್ಲ. ಆದರೆ ನಿಯಮ ಬಿಗಿಯಾದಾಗ ಅವನ್ನು ತೆಗೆಸಬೇಕಾದ ಪ್ರಸಂಗ ಬರುವುದಿಲ್ಲ.