ತೆರೆಯ ಮೇಲೆ ಹತ್ತಿಯ ತೇವ

ಆದೋನಿಯ ಮಾರುಕಟ್ಟೆ ಪ್ರಾಂಗಣದಲ್ಲಿ ಹತ್ತಿಯ ಗಾಡಿಗಳ ಸಂದಣಿ ಇಳಿದು, ಜಿನ್ನಿಂಗ್ ಮಿಲ್ಲುಗಳ ಸದ್ದು ವಿರಳವಾಗುವ ಬೇಸಗೆಯ ದಿನಗಳಲ್ಲಿ, ಈ ಸೀಮೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದವರ ಪ್ರಾಜೆಕ್ಟ್ ವೈವಾ ಆರಂಭವಾಗುತ್ತದೆ. ವಿಭಾಗದ ಮುಖ್ಯಸ್ಥರು, ಮಾರ್ಗದರ್ಶಕರು, ವಿಶ್ವವಿದ್ಯಾಲಯ ನೇಮಿಸಿದ ಬಾಹ್ಯ ಪರೀಕ್ಷಕರು ಮುಂದಿನ ಸಾಲಿನಲ್ಲಿ ಕುಳಿತಿರಲು, ನಾಲ್ಕೈದು ಮಂದಿಯ ತಂಡವೊಂದು ಪ್ರೊಜೆಕ್ಟರಿನ ಬೆಳಕಿನಲ್ಲಿ ನಿಂತು, ಒಂದು ವರ್ಷದ ದುಡಿಮೆಯನ್ನು ಹತ್ತು-ಹದಿನೈದು ನಿಮಿಷಗಳಲ್ಲಿ ಒಪ್ಪಿಸತಕ್ಕದ್ದು. ವಿಷಯ ಹತ್ತಿಯಿರಲಿ, ಕಾಲುವೆಯಿರಲಿ, ಕಂಪ್ಯೂಟರ್ ತಂತ್ರಾಂಶವಿರಲಿ, ತೆರೆಯ ಮೇಲೆ ಮೂಡುವ ಪುಟಗಳ ಅನುಕ್ರಮ ಮಾತ್ರ ಬಹುತೇಕ ಒಂದೇ: ಶೀರ್ಷಿಕೆ, ಸಾರಾಂಶ, ಪೀಠಿಕೆ, ಹಿಂದಿನ ಅಧ್ಯಯನಗಳು, ಈಗಿರುವ ವ್ಯವಸ್ಥೆ, ನಾವು ಸೂಚಿಸುವ ವ್ಯವಸ್ಥೆ, ಬೇಕಾದ ಸಾಮಗ್ರಿ, ಫಲಿತಾಂಶ, ಉಪಸಂಹಾರ, ಕಡೆಗೆ ಹೂಗುಚ್ಛದ ಚಿತ್ರದೊಡನೆ ಒಂದು ‘ಥ್ಯಾಂಕ್ ಯೂ’.

ಈ ಅನುಕ್ರಮವನ್ನು ಯಾವ ಶಾಸನವೂ ವಿಧಿಸಿದ್ದಲ್ಲ. ಅದು ಪದರಪದರವಾಗಿ ಕೂಡಿಬಂದದ್ದು. ಗಣಕಯಂತ್ರಗಳು ತರಗತಿಗೆ ಬರುವ ಮುನ್ನ ವಿದ್ಯಾರ್ಥಿಯು ಕಪ್ಪುಹಲಗೆಯನ್ನೋ, ದಪ್ಪ ಕಾಗದದ ಚಾರ್ಟನ್ನೋ ಆಶ್ರಯಿಸುತ್ತಿದ್ದ. ಅನಂತರ ಓವರ್‌ಹೆಡ್ ಪ್ರೊಜೆಕ್ಟರು ಬಂದು, ಪಾರದರ್ಶಕ ಹಾಳೆಗಳ ಮೇಲೆ ಸ್ಕೆಚ್ ಪೆನ್ನಿನಿಂದ ಬರೆಯುವ ಕಾಲ ಬಂದಿತು. ಒಂದೊಂದು ಹಾಳೆಗೂ ಹಣ ತೆರಬೇಕಾಗಿದ್ದುದರಿಂದ, ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬ ವಿವೇಚನೆ ತಾನಾಗಿಯೇ ನಡೆಯುತ್ತಿತ್ತು. 1987ರಲ್ಲಿ ಅಮೆರಿಕದ ಫೋರ್‌ಥಾಟ್ ಎಂಬ ಚಿಕ್ಕ ಸಂಸ್ಥೆ ಮೆಕಿಂಟಾಷ್ ಗಣಕಕ್ಕಾಗಿ ಹೊರತಂದ ಪವರ್‌ಪಾಯಿಂಟ್ ಸಹ ಮೊದಲಿಗೆ ಇಂಥ ಪಾರದರ್ಶಕ ಹಾಳೆಗಳನ್ನು ಮುದ್ರಿಸಲಿಕ್ಕಾಗಿಯೇ ಹುಟ್ಟಿದ ಕಪ್ಪು-ಬಿಳುಪಿನ ಸಾಧನ. ಅದೇ ವರ್ಷ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನು 1 ಕೋಟಿ 40 ಲಕ್ಷ ಡಾಲರುಗಳಿಗೆ ಕೊಂಡುಕೊಂಡಿತು. 1990ರ ದಶಕದ ನಡುಭಾಗದಲ್ಲಿ, ಏನು ಹೇಳಬೇಕೆಂದು ತೋಚದವರಿಗೆ ಶೀರ್ಷಿಕೆಗಳನ್ನೂ ಅವುಗಳ ಕೆಳಗಿನ ಚುಕ್ಕಿಸಾಲುಗಳನ್ನೂ ತಾನೇ ಜೋಡಿಸಿಕೊಡುವ ‘ಆಟೋಕಂಟೆಂಟ್ ವಿಝರ್ಡ್’ ಎಂಬ ಸೌಕರ್ಯ ಅದರೊಳಗೆ ಸೇರಿತು. ಗಣಕದಿಂದ ನೇರವಾಗಿ ತೆರೆಗೆ ತೋರಿಸುವಂತಾಗಿ ಹಾಳೆಯ ಖರ್ಚು ಹೋದುದರೊಡನೆ ವಿವೇಚನೆಯೂ ಅರ್ಧ ಹೋಯಿತೆಂದರೆ ಅತಿಶಯೋಕ್ತಿಯಾಗಲಾರದು.

ಇನ್ನೊಂದು ಪದರ ನಮ್ಮ ತೆಲುಗು ನಾಡಿನದು. ‘ಈಗಿರುವ ವ್ಯವಸ್ಥೆ, ಸೂಚಿತ ವ್ಯವಸ್ಥೆ’ ಎಂಬ ಜೋಡಿ ಶೀರ್ಷಿಕೆ ತಂತ್ರಾಂಶ ರಚಿಸುವವರ ದಾಖಲೆಗಳಿಂದ ಬಂದದ್ದು. ಲೆಕ್ಕದ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವಾಗ ಅದಕ್ಕೆ ಅರ್ಥವುಂಟು. ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಸಿದ್ಧ ಪ್ರಾಜೆಕ್ಟುಗಳನ್ನು ಸಿದ್ಧ ಸ್ಲೈಡುಗಳೊಡನೆ ಒದಗಿಸುವ ಅಂಗಡಿಗಳು ತಲೆಯೆತ್ತಿದ ಮೇಲೆ, ಈ ಶೀರ್ಷಿಕೆಗಳು ಸಿವಿಲ್, ಮೆಕ್ಯಾನಿಕಲ್ ಎಂಬ ಭೇದವಿಲ್ಲದೆ ಎಲ್ಲ ವಿಭಾಗಗಳನ್ನೂ ವ್ಯಾಪಿಸಿದವು. ಹಿರಿಯ ವಿದ್ಯಾರ್ಥಿಯ ಫೈಲನ್ನು ಕಿರಿಯನು ಪೆನ್‌ಡ್ರೈವಿನಲ್ಲಿ ಪಡೆದು, ಹೆಸರು, ಹಾಲ್ ಟಿಕೆಟ್ ಸಂಖ್ಯೆಗಳನ್ನು ಬದಲಿಸಿ ಮುಂದಿನವನಿಗೆ ದಾಟಿಸುವುದರಿಂದ ಪರಂಪರೆ ಅವಿಚ್ಛಿನ್ನವಾಗಿ ಸಾಗಿದೆ.

ಈ ಚೌಕಟ್ಟಿನಲ್ಲಿ ವಸ್ತು ಹೇಗೆ ನಲುಗುತ್ತದೆಂಬುದನ್ನು ಕಾಣಲು, ಈ ಊರಿಗೆ ಒಪ್ಪುವ ಒಂದು ಪ್ರಾಜೆಕ್ಟನ್ನು ಭಾವಿಸಿಕೊಳ್ಳೋಣ. ಆದೋನಿ, ಆಲೂರುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ತಾಲೂಕುಗಳು. ಹೀಗಾಗಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ತೆರೆಯ ಮೇಲೆ ಇಂಗ್ಲಿಷು ಎಂಬ ತ್ರಿವೇಣಿಯಲ್ಲಿ ಬೆಳೆದ ರೈತರ ಮಕ್ಕಳು ನಾಲ್ವರು, ಬೀಜಸಹಿತವಾದ ಹತ್ತಿಯ ತೇವಾಂಶವನ್ನು ಅಳೆಯುವ ಕೈಯಂತ್ರವೊಂದನ್ನು ಮಾಡಿದ್ದಾರೆಂದು ತಿಳಿಯೋಣ. ಆಯ್ಕೆ ಸಮಂಜಸವಾದದ್ದೇ. ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಗೆ ಹತ್ತಿಯನ್ನು ಕೊಳ್ಳುವಾಗ ಶೇಕಡಾ 8ರ ತೇವಾಂಶಕ್ಕೆ ಪೂರ್ಣ ಬೆಲೆ ಕೊಟ್ಟು, ಅದಕ್ಕೆ ಮೇಲ್ಪಟ್ಟು ಶೇಕಡಾ 12ರವರೆಗೆ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತದೆ. 12 ಮೀರಿದರೆ ಮಾಲನ್ನು ನಿರಾಕರಿಸುತ್ತದೆ. 2024–25ರ ಹಂಗಾಮಿನಲ್ಲಿ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ ₹7,521 ಇದ್ದುದರಿಂದ, ತೇವಾಂಶದ ಒಂದೊಂದು ಅಂಶಕ್ಕೂ ₹75ರ ಮೇಲೆ ರೈತನ ಕೈಬಿಡುತ್ತಿತ್ತು.

ಯಂತ್ರವೋ ಸರಳ. ಪೆಟ್ಟಿಗೆಯೊಂದರೊಳಗೆ ಎದುರುಬದುರಾಗಿ ಎರಡು ಲೋಹದ ಫಲಕಗಳು; ನಡುವೆ ಹತ್ತಿಯನ್ನು ತುಂಬಿದರೆ, ಅದರಲ್ಲಿ ನೀರು ಹೆಚ್ಚಿದಷ್ಟೂ ಫಲಕಗಳ ವಿದ್ಯುತ್ ಧಾರಣಶಕ್ತಿ ಹೆಚ್ಚುತ್ತದೆ, ಏಕೆಂದರೆ ಈ ಗುಣದಲ್ಲಿ ಗಾಳಿಯ ಬೆಲೆ 1 ಆದರೆ ನೀರಿನದು ಸುಮಾರು 80. ಆ ಏರಿಕೆಯನ್ನು ಆರ್ಡುಯಿನೊ ಫಲಕವೊಂದು ಓದಿ ಶೇಕಡಾವಾರು ಅಂಕಿಯಾಗಿ ತೋರಿಸುತ್ತದೆ.

ತಂಡದ ಮೊದಲ ಕರಡಿನಲ್ಲಿ ಇಪ್ಪತ್ತೆರಡು ಸ್ಲೈಡುಗಳಿದ್ದು, ಆರ್ಡುಯಿನೊ ಎಂದರೇನೆಂಬುದಕ್ಕೆ ಮೂರು ಪುಟಗಳು, ‘ಫಲಿತಾಂಶ’ ಎಂಬುದಕ್ಕೆ ಹನ್ನೊಂದು ಎಂಬ ಅಂಕಿ ಮೂಡಿರುವ ಯಂತ್ರದ ಒಂದು ಛಾಯಾಚಿತ್ರ, ಕೆಳಗೆ ‘ನಿಖರತೆ 98%’ ಎಂಬ ಒಂದೇ ಸಾಲು ಇವೆಯೆಂದು ಇಟ್ಟುಕೊಳ್ಳೋಣ. ಬಾಹ್ಯ ಪರೀಕ್ಷಕರು ಇಂಥಲ್ಲಿ ನಿಲ್ಲುತ್ತಾರೆ. “ಹನ್ನೊಂದು ಎಂದು ತೋರಿಸ್ತೀರಲ್ಲಪ್ಪ, ಯಾವುದರ ಮೇಲೆ ಹನ್ನೊಂದು? ಹಸಿ ತೂಕದ ಮೇಲೋ, ಒಣ ತೂಕದ ಮೇಲೋ?”

ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ 100 ಗ್ರಾಂ ಹತ್ತಿಯನ್ನು 105 ಡಿಗ್ರಿ ಸೆಲ್ಸಿಯಸ್ಸಿನ ಓವನ್ನಿನಲ್ಲಿ, ತೂಕ ಇನ್ನು ಇಳಿಯದು ಎಂಬವರೆಗೆ ಒಣಗಿಸಿದಾಗ 89 ಗ್ರಾಂ ಉಳಿಯಿತೆನ್ನಿ. ಹೋದ 11 ಗ್ರಾಮನ್ನು 100ರಿಂದ ಭಾಗಿಸಿದರೆ ತೇವಾಂಶ ಶೇಕಡಾ 11. 89ರಿಂದ ಭಾಗಿಸಿದರೆ 12.4. ಒಂದು ಲೆಕ್ಕದಲ್ಲಿ ಅದೇ ಹತ್ತಿ ಕಡಿತದೊಡನೆ ಮಾರಾಟವಾಗುತ್ತದೆ, ಇನ್ನೊಂದರಲ್ಲಿ ಗಾಡಿ ಮನೆಗೆ ಹಿಂದಿರುಗುತ್ತದೆ. ಜವಳಿಶಾಸ್ತ್ರದ ಪುಸ್ತಕಗಳಲ್ಲಿ ಎರಡು ರೂಢಿಗಳೂ ಇರುವುದರಿಂದ, ತಾವು ಹಿಡಿದುದು ಯಾವುದು, ಕೊಳ್ಳುವವರು ಹಿಡಿದುದು ಯಾವುದು ಎಂಬೆರಡನ್ನೂ ತಂಡವು ಫಲಿತಾಂಶಕ್ಕೆ ಮೊದಲೇ ಒಂದು ಸ್ಲೈಡಿನಲ್ಲಿ, ಈ ಭಾಗಾಕಾರದ ಸಮೇತ ತೋರಿಸಬೇಕು. ಆರ್ಡುಯಿನೊದ ಮೂರು ಪುಟಗಳಿಗಿಂತ ಈ ಒಂದು ಪುಟ ಮೇಲು.

‘ನಿಖರತೆ 98%’ ಎಂಬುದರ ಗತಿ ಇನ್ನೂ ಶೋಚನೀಯ. ನಿಜವಾದ ತೇವಾಂಶ 12 ಇದ್ದಾಗ ಶೇಕಡಾ 2ರ ತಪ್ಪೆಂದರೆ ಸುಮಾರು ಕಾಲು ಅಂಶ; ಕ್ವಿಂಟಾಲಿಗೆ ₹18ರಷ್ಟು, 30 ಕ್ವಿಂಟಾಲಿನ ಟ್ರ್ಯಾಕ್ಟರಿಗೆ ₹540ರಷ್ಟು. ಅದಕ್ಕಿಂತ ಮಿಗಿಲಾಗಿ, ನಿರಾಕರಣೆಯ ಗೆರೆಯ ಆಚೆ-ಈಚೆ ಇರುವ ಹತ್ತಿಯ ಬಗೆಗೆ ಯಂತ್ರ ಏನು ಹೇಳುತ್ತದೆಂಬುದನ್ನು ಆ ಒಂದು ಅಂಕಿ ಮರೆಸಿಬಿಡುತ್ತದೆ. ಇದಕ್ಕೆ ಬದಲಾಗಿ ಒಂದು ನಕ್ಷೆ ಸಾಕು: ಅಡ್ಡಗೆರೆಯಲ್ಲಿ ಓವನ್ನಿನ ಬೆಲೆ, ನಿಲುಗೆರೆಯಲ್ಲಿ ಯಂತ್ರದ ಬೆಲೆ, ಒಂದೊಂದು ಮಾದರಿಗೆ ಒಂದೊಂದು ಚುಕ್ಕೆ, 12ರ ಬಳಿ ಎರಡೂ ದಿಕ್ಕಿಗೆ ಎಳೆದ ಕೆಂಪು ಗೆರೆ. ಒಳ್ಳೆಯ ಹತ್ತಿಯನ್ನು ತಿರಸ್ಕರಿಸಿದ ಚುಕ್ಕೆಗಳೆಷ್ಟು, ತಿರಸ್ಕರಿಸಬೇಕಾದುದನ್ನು ಒಪ್ಪಿದವೆಷ್ಟು ಎಂಬುದು ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಕಾಣುತ್ತದೆ. ಮೂವತ್ತು ಮಾದರಿಗಳಿದ್ದರೆ ಇಪ್ಪತ್ತರಿಂದ ಯಂತ್ರವನ್ನು ಹೊಂದಿಸಿ, ಹೊಂದಿಕೆಯಲ್ಲಿ ಬಳಸದ ಹತ್ತರ ಮೇಲೆ ಪರೀಕ್ಷಿಸಿದುದನ್ನಷ್ಟೇ ಈ ನಕ್ಷೆಯಲ್ಲಿ ಇಡಬೇಕು. ಮೂವತ್ತನ್ನೂ ಎರಡಕ್ಕೂ ಬಳಸಿದ್ದರೆ ಚುಕ್ಕೆಗಳು ಎರಡು ಬೆಲೆಗಳೂ ಸಮವಾಗುವ ಓರೆಗೆರೆಗೆ ಅಂಟಿಕೊಂಡು ಬಲು ಅಂದವಾಗಿ ಕಾಣುತ್ತವೆ. ಆ ಅಂದವೇ ಅನುಭವಿ ಪರೀಕ್ಷಕನಿಗೆ ಮೊದಲ ಸುಳಿವು.

ಇನ್ನು ಯಂತ್ರದ ಮೂಲದೋಷವೊಂದುಂಟು. ಅದೇ ಹತ್ತಿಯನ್ನು ಸಡಿಲವಾಗಿ ತುಂಬಿದಾಗ ನಡುವೆ ಗಾಳಿ ಉಳಿದು ಅಂಕಿ ಇಳಿಯುತ್ತದೆ, ಅದುಮಿ ತುಂಬಿದಾಗ ಏರುತ್ತದೆ. ಬೀಜಹತ್ತಿಯ ತೂಕದಲ್ಲಿ ಮೂರನೆಯ ಎರಡು ಭಾಗದಷ್ಟು ಬೀಜವೇ ಆದುದರಿಂದ, ಇಬ್ಬನಿಯಲ್ಲಿ ಆಗತಾನೆ ಬಿಡಿಸಿದ, ಎಳೆ ಮಾತ್ರ ತೊಯ್ದ ಹತ್ತಿಯೂ, ದಿನಗಟ್ಟಲೆ ಗುಡ್ಡೆಯಲ್ಲಿದ್ದು ಬೀಜದೊಳಗೂ ತೇವ ಹಿಡಿದ ಹತ್ತಿಯೂ ಯಂತ್ರಕ್ಕೆ ಒಂದೇ ಬಗೆಯಾಗಿ ಕಾಣಲಾರವು. ಇದನ್ನು ಮುಚ್ಚಿಡಬೇಕೆಂಬ ಆಸೆ ತಂಡಕ್ಕೆ ಸಹಜ. ಆದರೆ ಒಂದೇ ಮಾದರಿಯನ್ನು ಒಂದೇ ಪೆಟ್ಟಿಗೆಯಲ್ಲಿ 40, 60, 80 ಗ್ರಾಂ ತುಂಬಿ ಪಡೆದ ಮೂರು ಅಂಕಿಗಳನ್ನು ಒಂದು ಸ್ಲೈಡಿನಲ್ಲಿ ತಾವಾಗಿಯೇ ಇಟ್ಟು, ‘ಆದ್ದರಿಂದ ಪ್ರತಿಸಲವೂ 60 ಗ್ರಾಂ ತೂಗಿ, ಮುಚ್ಚಳವನ್ನು ಗುರುತಿನವರೆಗೆ ಒತ್ತಿ ಅಳೆದೆವು’ ಎಂದರೆ, ಮಂಡಳಿಯ ಅತ್ಯಂತ ಹರಿತವಾದ ಪ್ರಶ್ನೆಗೆ ಕೇಳುವ ಮುನ್ನವೇ ಉತ್ತರ ಸಂದಂತಾಯಿತು.

ಸ್ಲೈಡಿನ ಶೀರ್ಷಿಕೆ ಒಂದು ಮಾತು, ಒಳಗಿನ ಅಂಕಿ ಇನ್ನೊಂದು ಮಾತು ಹೇಳಿದಾಗ ಏನಾಗುತ್ತದೆಂಬುದಕ್ಕೆ ಜಗತ್ತು ಬಲ್ಲ ಒಂದು ದಾರುಣ ನಿದರ್ಶನವಿದೆ. 2003ರ ಜನವರಿಯಲ್ಲಿ, ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಇನ್ನೂ ಆಕಾಶದಲ್ಲಿರುವಾಗ, ಉಡಾವಣೆಯ ವೇಳೆ ರೆಕ್ಕೆಗೆ ಬಡಿದ ನೊರೆತುಂಡಿನ ಬಗೆಗೆ ಬೋಯಿಂಗ್ ಇಂಜಿನಿಯರುಗಳು ನಾಸಾ ಅಧಿಕಾರಿಗಳಿಗೆ ಸ್ಲೈಡುಗಳನ್ನು ತೋರಿಸಿದರು. ಅವುಗಳಲ್ಲಿ ಒಂದರ ಶೀರ್ಷಿಕೆ ಹಳೆಯ ಪರೀಕ್ಷೆಗಳು ಧೈರ್ಯ ಕೊಡುವಂತಿವೆಯೆಂಬ ಭಾವವನ್ನು ಹೊಮ್ಮಿಸುತ್ತಿತ್ತು; ಪರೀಕ್ಷೆಗೆ ಬಳಸಿದ ತುಂಡು 3 ಘನ ಅಂಗುಲ, ಬಡಿದದ್ದು ಸುಮಾರು 1,920 ಘನ ಅಂಗುಲ, ಎಂದರೆ 640 ಪಟ್ಟು ದೊಡ್ಡದು ಎಂಬ ಸಂಗತಿ ಪುಟದ ತೀರ ಕೆಳಗೆ, ಚಿಕ್ಕ ಅಕ್ಷರಗಳ ಉಪಸಾಲಿನಲ್ಲಿ ಅಡಗಿತ್ತು. ಫೆಬ್ರವರಿ 1ರಂದು ನೌಕೆ ಹಿಂದಿರುಗುವಾಗ ಒಡೆದು ಏಳು ಮಂದಿಯೂ ಮಡಿದರು. ಆ ವರ್ಷದ ತನಿಖಾ ಮಂಡಳಿ ತನ್ನ ವರದಿಯಲ್ಲಿ, ಅಂಕಿ-ಅಂಶಗಳ ವಿದ್ವಾಂಸ ಎಡ್ವರ್ಡ್ ಟಫ್ಟಿಯ ವಿಶ್ಲೇಷಣೆಯನ್ನು ಸೇರಿಸಿ, ತಾಂತ್ರಿಕ ವರದಿಯ ಸ್ಥಾನವನ್ನು ಸ್ಲೈಡುಗಳು ಆಕ್ರಮಿಸಿದುದನ್ನು ಟೀಕಿಸಿತು. ದುರಂತಕ್ಕೆ ಸ್ಲೈಡೇ ಕಾರಣವೆನ್ನುವುದು ಅನ್ಯಾಯವಾದೀತು. ಕೇಳಬೇಕಾದುದು ಕೇಳದಂತೆ ಮಾಡಿದ್ದರಲ್ಲಿ ಅದಕ್ಕೂ ಪಾಲಿತ್ತು.

ಆದಕಾರಣ ಮೇಲೆ ಹೇಳಿದ ತಂಡವು ‘ಫಲಿತಾಂಶ’ ಎಂಬ ಬರಿಯ ಶೀರ್ಷಿಕೆಯನ್ನು ಅಳಿಸಿ, ಅಲ್ಲಿ ಪೂರ್ಣ ವಾಕ್ಯವೊಂದನ್ನು ಬರೆಯುವುದು ಲೇಸು: ‘60 ಗ್ರಾಂ ಸಮನಾಗಿ ಒತ್ತಿದಾಗ, ಶೇಕಡಾ 7ರಿಂದ 14ರ ನಡುವಿನ ಹತ್ತಿಯ ತೇವವನ್ನು ಯಂತ್ರ ಇಷ್ಟು ಅಂಶದ ಒಳಗೆ ಹೇಳುತ್ತದೆ’. ಹೀಗೆ ಬರೆಯಲು ಕುಳಿತಾಗ ‘ಇಷ್ಟು’ ಎಂಬಲ್ಲಿ ತುಂಬಲು ಅಂಕಿಯಿಲ್ಲವೆಂಬುದು ಗೊತ್ತಾದರೆ, ವೈವಾಕ್ಕೆ ಇನ್ನೂ ವಾರವಿರುವಾಗ ಓವನ್ನಿನ ಬಳಿಗೆ ಮರಳಬಹುದು. ವಾಕ್ಯವೇ ಹೀಗೆ ಕೊರತೆಯನ್ನು ತೋರಿಸಿಕೊಡುತ್ತದೆ. ಪುಟಗಳ ಸಂಖ್ಯೆ ಇಪ್ಪತ್ತೆರಡರಿಂದ ಹತ್ತಕ್ಕಿಳಿದರೆ, ಉಳಿದವನ್ನು ಎಸೆಯಬೇಕಾಗಿಲ್ಲ: ಮೂವತ್ತು ಮಾದರಿಗಳ ಪೂರ್ಣ ಪಟ್ಟಿ, ಸರ್ಕ್ಯೂಟಿನ ನಕ್ಷೆ, ಖರ್ಚಿನ ವಿವರ ಇವೆಲ್ಲ ಕಡೆಯ ಪುಟದ ಹಿಂದೆ ಮೀಸಲಾಗಿದ್ದು, ಕೇಳಿದಾಗ ತೆರೆಯ ಮೇಲೆ ಬರಬಹುದು.

ಆ ಕಡೆಯ ಪುಟದ ಬಗೆಗೂ ಒಂದು ಮಾತು. ವಿವರಣೆ ಮುಗಿದು ಪ್ರಶ್ನೆಗಳು ನಡೆಯುವ ಹತ್ತು ನಿಮಿಷವೆಲ್ಲ ತೆರೆಯ ಮೇಲೆ ಹೂಗುಚ್ಛ ನಿಂತಿರುವುದು ನಮ್ಮಲ್ಲಿಯ ವಾಡಿಕೆ. ವಂದನೆಯನ್ನು ಬಾಯಲ್ಲಿ ಹೇಳಿ, ತೆರೆಯ ಮೇಲೆ ಕೆಂಪು ಗೆರೆಯ ಆ ನಕ್ಷೆಯನ್ನೇ ಬಿಟ್ಟಿದ್ದರೆ, ಪರೀಕ್ಷಕರು ಬೆರಳು ತೋರಿಸಿ ಕೇಳುವುದಕ್ಕೂ ಹುಡುಗರು ಚುಕ್ಕೆಯನ್ನು ತೋರಿಸಿ ಹೇಳುವುದಕ್ಕೂ ಆಧಾರವಿರುತ್ತದೆ. “ಹದಿನಾಲ್ಕರ ಮೇಲೆ ಹೇಗಪ್ಪ?” ಎಂದರೆ, “ಅಷ್ಟು ಹಸಿಯಾದ ಹತ್ತಿಯನ್ನು ನಾವು ಅಳೆದಿಲ್ಲ ಸಾರ್, ಮಳೆಗಾಲದ ಮಾದರಿ ಸಿಗಲಿಲ್ಲ” ಎಂದು ನೇರವಾಗಿ ಹೇಳಬಹುದು.