ಮಲವಿಸರ್ಜನೆಯಿಂದ ಶಮನವಾಗುವ ಹೊಟ್ಟೆನೋವು: ಅಪಾಯದ ಲಕ್ಷಣಗಳನ್ನು ಗುರುತಿಸುವ ಬಗೆ

ಕೆಳಹೊಟ್ಟೆಯಲ್ಲಿ ಹಿಂಡಿದಂತಹ ನೋವು ಮತ್ತು ಹೊಟ್ಟೆಯುಬ್ಬರ ಕಾಣಿಸಿಕೊಂಡು, ಮಲವಿಸರ್ಜನೆಯಾದ ಕೂಡಲೇ ಕಡಿಮೆಯಾಗುವುದನ್ನು ಗ್ರಾಮಗಳಲ್ಲಿ ಸಾಮಾನ್ಯವಾಗಿ 'ಗ್ಯಾಸ್' ಎಂದೇ ಕರೆಯಲಾಗುತ್ತದೆ. ಇಂತಹ ತೊಂದರೆ ಹೇಳಿಕೊಂಡು ಬರುವವರಲ್ಲಿ ಯಾರನ್ನು ತಡಮಾಡದೆ ವೈದ್ಯರಲ್ಲಿಗೆ ಕಳುಹಿಸಬೇಕು ಎಂಬುದನ್ನು ಸದಸ್ಯರು ಎರಡು ಕಾಲ್ಪನಿಕ ಉದಾಹರಣೆಗಳಿಂದ ತಿಳಿಯಬಹುದು.

28 ವರ್ಷದ ನೀರುಗಂಟಿಯೊಬ್ಬರಿಗೆ ಒಂದು ವರ್ಷದಿಂದ ವಾರದಲ್ಲಿ ಎರಡು ಮೂರು ದಿನ ಈ ನೋವು ಬರುತ್ತಿದೆ. ಆ ದಿನಗಳಲ್ಲಿ ಮಲ ತೆಳುವಾಗಿರುತ್ತದೆ. ಶೌಚದ ನಂತರ ನೋವು ಇಳಿಯುತ್ತದೆ. ತೂಕ ಕಡಿಮೆಯಾಗಿಲ್ಲ, ನಿದ್ರೆಗೆ ಭಂಗವಿಲ್ಲ, ಮಲದಲ್ಲಿ ರಕ್ತವಿಲ್ಲ, ರಕ್ತಪರೀಕ್ಷೆಯೂ ಸಹಜವಾಗಿದೆ. ಇದು ವೈದ್ಯರು ಐ.ಬಿ.ಎಸ್. ಎಂದು ಕರೆಯುವ, ಕರುಳು ಕೆರಳುವ ತೊಂದರೆಯ ಮಾದರಿ. ನೋವು ಕನಿಷ್ಠ 6 ತಿಂಗಳ ಹಿಂದೆ ಆರಂಭವಾಗಿ, ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಬಂದಿರಬೇಕೆಂಬುದು ಇದರ ಒಂದು ಮಾನದಂಡ. ಇಲ್ಲಿ ಕರುಳಿನಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಇರುವುದಿಲ್ಲ. ಕರುಳಿನ ನರಗಳು ಅತಿಸೂಕ್ಷ್ಮವಾಗಿರುವುದರಿಂದ ಸಾಧಾರಣ ವಾಯುವೂ ನೋವಾಗಿ ಅನುಭವಕ್ಕೆ ಬರುತ್ತದೆ. ಆದುದರಿಂದ ಪರೀಕ್ಷಾ ವರದಿ ಸಹಜವಾಗಿದ್ದರೂ ನೋವು ನಿಜವಾದುದೇ. ಇದು ಕ್ಯಾನ್ಸರ್ ಆಗಿ ಮಾರ್ಪಡುವುದಿಲ್ಲ. ಹೊತ್ತಿಗೆ ಸರಿಯಾದ ಊಟ, ಚಹಾ ಕಾಫಿಯ ಮಿತಿ, ಸಾಕಷ್ಟು ನೀರಿನೊಡನೆ ಇಸಬ್ಗೋಲು ಅನೇಕರಿಗೆ ನೆರವಾಗುತ್ತವೆ. ಗೋಧಿ ತೌಡು ಮಾತ್ರ ಕೆಲವರಲ್ಲಿ ಉಬ್ಬರವನ್ನು ಹೆಚ್ಚಿಸುತ್ತದೆ.

ಎರಡನೆಯವರು 56 ವರ್ಷದ ರೈತರು. ಅವರಿಗೂ ಅದೇ ನೋವು, ಅದೇ ಉಬ್ಬರ, ಶೌಚದ ನಂತರ ಅದೇ ಶಮನ. ಆದರೆ ತೊಂದರೆ ಆರಂಭವಾದುದು ಎರಡು ತಿಂಗಳ ಹಿಂದೆಯಷ್ಟೆ. ಪಂಚೆ ಸಡಿಲವಾಗುವಷ್ಟು ತೂಕ ಇಳಿದಿದೆ. ಹಿಮೋಗ್ಲೋಬಿನ್ 9 ಗ್ರಾಂಗೆ ಕುಸಿದಿದೆ. ಮಲದಲ್ಲಿ ಕಂಡ ರಕ್ತವನ್ನು ಮೂಲವ್ಯಾಧಿಯೆಂದು ಭಾವಿಸಿ ಅವರು ನಾಟಿ ಔಷಧಿ ಸೇವಿಸುತ್ತಿದ್ದಾರೆ. ದೊಡ್ಡ ಕರುಳಿನ ಗಡ್ಡೆಯಿದ್ದಾಗಲೂ ಶೌಚದ ನಂತರ ನೋವು ಇಳಿಯಬಹುದಾದ್ದರಿಂದ, ಶಮನವಾಯಿತೆಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗುವಂತಿಲ್ಲ. ಇವರಿಗೆ ಕಬ್ಬಿಣಾಂಶದ ಮಾತ್ರೆಯಷ್ಟೇ ಸಾಲದು. ರಕ್ತ ಎಲ್ಲಿಂದ ಹೋಗುತ್ತಿದೆಯೆಂದು ತಿಳಿಯಲು ಕೊಲೊನೋಸ್ಕೋಪಿ ಅಗತ್ಯ.

ಸದಸ್ಯರು ಹಾಗೂ ಆಶಾ ಕಾರ್ಯಕರ್ತೆಯರು ಕೇಳಬೇಕಾದ ಪ್ರಶ್ನೆಗಳು ಹೀಗಿವೆ:

1. ತೊಂದರೆ 45–50 ವರ್ಷದ ನಂತರ ಹೊಸದಾಗಿ ಆರಂಭವಾಯಿತೇ?
2. ಮಲದಲ್ಲಿ ರಕ್ತವಿದೆಯೇ, ಅಥವಾ ಮಲ ಡಾಂಬರಿನಂತೆ ಕಪ್ಪಾಗಿದೆಯೇ? (ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದರಿಂದ ಅದನ್ನೂ ವಿಚಾರಿಸಬೇಕು.)
3. ಪ್ರಯತ್ನಿಸದೆಯೇ ತೂಕ ಇಳಿದಿದೆಯೇ? ರಕ್ತಹೀನತೆ ಅಥವಾ ಬಿಡದ ಜ್ವರವಿದೆಯೇ?
4. ನೋವು ಅಥವಾ ಭೇದಿ ರಾತ್ರಿ ನಿದ್ರೆಯಿಂದ ಎಬ್ಬಿಸುತ್ತದೆಯೇ?
5. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಕರುಳಿನ ಕ್ಯಾನ್ಸರ್ ಇತ್ತೇ?

ಒಂದಕ್ಕಾದರೂ 'ಹೌದು' ಎಂಬ ಉತ್ತರ ಬಂದಲ್ಲಿ ಆ ವಾರದೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣುವಂತೆ ತಿಳಿಸಬೇಕು. ಹೊಟ್ಟೆ ಗಟ್ಟಿಯಾಗಿ ಉಬ್ಬಿ, ವಾಂತಿಯಾಗುತ್ತಾ, ಮಲವೂ ವಾಯುವೂ ಹೋಗದಿದ್ದಲ್ಲಿ, ಅಥವಾ ರಕ್ತ ಹೆಚ್ಚಾಗಿ ಹೋಗುತ್ತಿದ್ದಲ್ಲಿ, ವಿಳಂಬವಿಲ್ಲದೆ 108 ಆಂಬುಲೆನ್ಸ್ ಕರೆಯಿಸಬೇಕು. ಎಲ್ಲಕ್ಕೂ 'ಇಲ್ಲ' ಎಂಬ ಉತ್ತರ ಬಂದರೂ, ನೋವು ಮರುಕಳಿಸುತ್ತಿದ್ದಲ್ಲಿ ಒಮ್ಮೆ ವೈದ್ಯರ ತಪಾಸಣೆ ಆಗಲೇಬೇಕು, ಐ.ಬಿ.ಎಸ್. ಎಂದು ನಿರ್ಧರಿಸುವವರು ವೈದ್ಯರೇ.