ಎರಡು 1.90ರ ನಡುವಿನ ಲೆಕ್ಕ

ಬೆಟ್ಟಿಂಗ್ ದರವನ್ನು ಹತ್ತನೇ ತರಗತಿಯ ಕಪ್ಪುಹಲಗೆಯ ಮೇಲೆ ಬರೆಯಬಹುದೇ? ಬಿ.ಇಡಿ ಇಂಟರ್ನ್‌ಶಿಪ್‌ಗೆಂದು ನಾನು ಹೋಗಿದ್ದ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ ಒಂದು ಶನಿವಾರ ಬರೆದೇಬಿಟ್ಟರು. ‘ಕೆಂಪು ತಂಡ 1.90, ನೀಲಿ ತಂಡ 1.90’. ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಯಿತು. ಆ ಅಂಕಿಗಳ ಅರ್ಥ ಕೆಲವು ಹುಡುಗರಿಗೆ ಮೊದಲೇ ಗೊತ್ತಿತ್ತು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ಆದರೂ ಪಂದ್ಯದ ದಿನ ಊರಿನ ಚಹಾದಂಗಡಿಯ ಮುಂದೆ ಈ ಮಾತು ನಿಂತಿಲ್ಲ.

ಮೇಡಂ ಮೊದಲೇ ಕೆಲವು ಕಟ್ಟುಪಾಡು ಹಾಕಿಕೊಂಡಿದ್ದರು. ನಿಜವಾದ ತಂಡದ ಹೆಸರಿಲ್ಲ, ಯಾವ ಆ್ಯಪ್‌ನ ಹೆಸರೂ ಇಲ್ಲ. ನನಗೆ ಬಹಳ ಹಿಡಿಸಿದ್ದು ಇನ್ನೊಂದು: ಮಕ್ಕಳು ಯಾರೂ ಪಂದ್ಯ ಕಟ್ಟುವವರಾಗಲಿಲ್ಲ. ಎಲ್ಲರೂ ದರ ಕೊಡುವ ಅಂಗಡಿಯ ಗುಮಾಸ್ತರಾದರು. ಗೆಲ್ಲುವ ಆಸೆಯನ್ನು ಮೊದಲು ಎಬ್ಬಿಸಿ ಆಮೇಲೆ ಬುದ್ಧಿ ಹೇಳುವುದಕ್ಕಿಂತ, ಗಲ್ಲಾಪೆಟ್ಟಿಗೆಯ ಆಚೆ ಬದಿಗೆ ಕೂರಿಸುವುದು ಮೇಲು ಎಂಬುದು ಅವರ ಲೆಕ್ಕಾಚಾರ.

‘1.90 ಅಂದರೆ 10 ರೂಪಾಯಿ ಕಟ್ಟಿ ಗೆದ್ದವನಿಗೆ ಅವನ 10 ರೂಪಾಯಿಯೂ ಸೇರಿ 19 ವಾಪಸ್. ಸೋತರೆ ಏನೂ ಇಲ್ಲ. ಹಾಗಾದರೆ ಅವನಿಗೆ ಲಾಭವೂ ಬೇಡ ನಷ್ಟವೂ ಬೇಡ ಅಂದರೆ ಎಷ್ಟು ಸಲ ಗೆಲ್ಲಬೇಕು?’ ಎಂದು ಕೇಳಿದರು. 19 ಸಲ ಹತ್ತತ್ತು ರೂಪಾಯಿ ಕಟ್ಟಿದರೆ ಹೋಗುವುದು 190. ಅದು ಹಿಂದಿರುಗಲು 10 ಸಲ ಗೆಲ್ಲಬೇಕು. ಅಂದರೆ ದರದೊಳಗೆ ಅಡಗಿರುವ ಸಂಭವನೀಯತೆ 10/19, ಸುಮಾರು ಶೇ 52.6. ಇದನ್ನೇ 1 ÷ 1.90 ಎಂದೂ ಮಾಡಬಹುದು. ನೀಲಿ ತಂಡಕ್ಕೂ ಅಷ್ಟೇ.

ಎರಡನ್ನೂ ಕೂಡಿಸಿದ ಹುಡುಗಿಯೊಬ್ಬಳು ಎದ್ದು ನಿಂತಳು. ‘ಮೇಡಂ, ಶೇ 105 ಬರ್ತಿದೆ. ಎಲ್ಲೋ ತಪ್ಪಾಗಿದೆ.’

ಅವಳು ಹೇಳಿದ್ದು ಪುಸ್ತಕದ ಪ್ರಕಾರ ಸರಿಯೇ. ಒಂದು ಘಟನೆ ಆಗುವ ಮತ್ತು ಆಗದಿರುವ ಸಂಭವನೀಯತೆಗಳ ಮೊತ್ತ 1 ಆಗಬೇಕು. ಪಂದ್ಯ ಟೈ ಆಗುವುದಿಲ್ಲ ಎಂದಿಟ್ಟುಕೊಂಡರೆ ಯಾರಾದರೂ ಒಬ್ಬರು ಗೆಲ್ಲಲೇಬೇಕು, ಮೊತ್ತ ನೂರನ್ನು ದಾಟುವ ಹಾಗಿಲ್ಲ. ‘ಕೂಡಿಸಿದ್ದು ಸರಿಯಾಗಿದೆಯಮ್ಮ. ಆ ಹೆಚ್ಚುವರಿ ಐದು ಯಾರದ್ದು ಅಂತ ಈಗ ಹುಡುಕೋಣ’ ಎಂದು ಮೇಡಂ ಅಂಗಡಿಯ ಲೆಕ್ಕದ ಪುಸ್ತಕ ಬರೆಸಿದರು. ಕೆಂಪಿನ ಮೇಲೆ 10,000, ನೀಲಿಯ ಮೇಲೆ 10,000 ಬಂದಿದೆ. ಪೆಟ್ಟಿಗೆಯಲ್ಲಿ 20,000. ಕೆಂಪು ಗೆದ್ದರೆ ಕೊಡಬೇಕಾದದ್ದು 19,000, ನೀಲಿ ಗೆದ್ದರೂ 19,000. ಯಾರೇ ಗೆಲ್ಲಲಿ, ಪೆಟ್ಟಿಗೆಯಲ್ಲಿ 1,000 ಉಳಿಯುತ್ತದೆ. ಅಂಗಡಿಯವನು ಪಂದ್ಯ ನೋಡಬೇಕಾಗಿಯೂ ಇಲ್ಲ.

ಕೆಂಪಿನ ಮೇಲೆ 15,000, ನೀಲಿಯ ಮೇಲೆ 5,000 ಬಂದರೆ? ಕೆಂಪು ಗೆದ್ದ ದಿನ 28,500 ಕೊಡಬೇಕು, ಇರುವುದು 20,000. ಅದಕ್ಕೇ ಅಂಗಡಿಯವನು ಕೆಂಪಿನ ದರ ಇಳಿಸಿ ನೀಲಿಯ ದರ ಏರಿಸುತ್ತಾನೆ, ಜನ ಆ ಕಡೆಗೂ ಬರಲಿ ಎಂದು. ಆಟಗಾರರು ಅವರೇ, ಪಿಚ್ ಅದೇ, ದರ ಮಾತ್ರ ಬೇರೆ. ಹಾಗಾಗಿ ದರ ಶುದ್ಧ ಸಂಭವನೀಯತೆಯಲ್ಲ, ಜನರ ಹಣ ಎತ್ತ ವಾಲಿದೆ ಎಂಬುದೂ ಅದರಲ್ಲಿ ಬೆರೆತಿರುತ್ತದೆ.

ಇಷ್ಟಾದ ಮೇಲೆ ಒಬ್ಬ ಹುಡುಗ ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲೂ ಇತ್ತು: ‘ಹಾಗಿದ್ರೆ ಎಲ್ರೂ ಸೋಲ್ಬೇಕಲ್ವಾ ಮೇಡಂ? ನಮ್ಮ ಬೀದಿಯ ಅಣ್ಣ ಒಬ್ರು ಗೆದ್ದಿದಾರೆ.’ ಮೇಡಂ ಅದನ್ನು ಅಲ್ಲಗಳೆಯಲಿಲ್ಲ. ನಲವತ್ತು ಮಕ್ಕಳಿಗೂ ನಾಣ್ಯವನ್ನು ಹತ್ತತ್ತು ಸಲ ಚಿಮ್ಮಲು ಹೇಳಿದರು. ಒಂದೊಂದು ನಾಣ್ಯವೂ ಒಬ್ಬ ಗಿರಾಕಿ. ತಲೆ ಬಿದ್ದಾಗಲೆಲ್ಲ ಗಿರಾಕಿಯ ಖಾತೆಗೆ 19 ಅಂಕ, ಪ್ರತಿ ಸಲಕ್ಕೂ ಅವನಿಂದ 10 ಅಂಕ ಅಂಗಡಿಗೆ. ಹತ್ತರಲ್ಲಿ ಐದು ತಲೆ ಬಿದ್ದರೆ 100ಕ್ಕೆ 95, ಗಿರಾಕಿಗೆ ನಷ್ಟ. ಆರು ಬಿದ್ದರೆ 114, ಲಾಭ.

ನಲವತ್ತು ಗಿರಾಕಿಗಳಲ್ಲಿ 14 ಮಂದಿ ಲಾಭದಲ್ಲಿದ್ದರು! ಒಬ್ಬನಿಗೆ ಎಂಟು ತಲೆ ಬಿದ್ದಿತ್ತು. ಆದರೆ ಇಡೀ ತರಗತಿಯದನ್ನು ಕೂಡಿಸಿದಾಗ 400ರಲ್ಲಿ 203 ತಲೆ. ಅಂಗಡಿ ಪಡೆದದ್ದು 4,000, ಕೊಟ್ಟದ್ದು 3,857. ತಲೆ ಅರ್ಧಕ್ಕಿಂತ ಜಾಸ್ತಿಯೇ ಬಿದ್ದಿದ್ದರೂ 143 ಅಂಕ ಪೆಟ್ಟಿಗೆಯಲ್ಲಿ ಉಳಿಯಿತು.

ಆ ರಾತ್ರಿ ನಾನೇ ಕೂತು ಲೆಕ್ಕ ಹಾಕಿದೆ. 1.90ರ ದರದಲ್ಲಿ ಹತ್ತು ಸಲ ಆಡಿದವನು ಲಾಭದಲ್ಲಿರುವ ಸಂಭವನೀಯತೆ 386/1024, ಸುಮಾರು ಶೇ 38. ನೂರು ಸಲ ಆಡಿದ ಮೇಲೂ ಅದು ಶೇ 31ರ ಹತ್ತಿರ ಇರುತ್ತದೆ. ಸಾವಿರ ಸಲಕ್ಕೆ ಬಂದಾಗ ಮಾತ್ರ ಶೇ 5ಕ್ಕೆ ಕುಸಿಯುತ್ತದೆ. ಮೋಸ ಇರುವುದು ಈ ನಿಧಾನದಲ್ಲಿ. ನೂರು ಪಂದ್ಯ ಆಡಿದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬ ‘ನನಗೆ ಆಟ ಅರ್ಥವಾಗಿದೆ’ ಎಂದು ಎದೆತಟ್ಟಿ ಹೇಳಬಲ್ಲ. ಅವನ ಕೈಯಲ್ಲಿ ಇದ್ದದ್ದು ಬರೀ ನಾಣ್ಯವೇ ಆಗಿದ್ದರೂ ಅಷ್ಟೇ.

ಮತ್ತೆ ತರಗತಿಯ ಮಾತು. ಕೊನೆಯಲ್ಲಿ ಮೇಡಂ 1981ರ ಹೆಡಿಂಗ್ಲೆ ಟೆಸ್ಟ್‌ನ ಕಥೆ ಹೇಳಿದರು. ಫಾಲೋಆನ್‌ಗೆ ಸಿಲುಕಿದ ಇಂಗ್ಲೆಂಡ್ ಎರಡನೇ ಇನಿಂಗ್ಸ್‌ನಲ್ಲಿ 135ಕ್ಕೆ 7 ವಿಕೆಟ್ ಕಳೆದುಕೊಂಡಿತ್ತು. ಅದರ ಗೆಲುವಿಗೆ ಬುಕ್ಕಿಗಳು ಕೊಟ್ಟ ದರ 500ಕ್ಕೆ 1. ಸಂಭವನೀಯತೆಗೆ ಬದಲಾಯಿಸಿದರೆ 1/501, ಶೇ 0.2. ಬೋಥಮ್ ಔಟಾಗದೆ 149 ಹೊಡೆದರು, ವಿಲ್ಲಿಸ್ 43 ರನ್‌ಗೆ 8 ವಿಕೆಟ್ ಕಿತ್ತರು, ಇಂಗ್ಲೆಂಡ್ 18 ರನ್‌ಗಳಿಂದ ಗೆದ್ದಿತು. ‘ಆ ದರ ತಪ್ಪಾಗಿತ್ತೇ?’ ಎಂಬುದು ಪ್ರಶ್ನೆ. ‘ಹೌದು’ ಎಂದು ಇಡೀ ತರಗತಿ ಕೂಗಿತು. ಮೇಡಂ ಒಪ್ಪಲಿಲ್ಲ. ಐನೂರರಲ್ಲಿ ಒಂದು ಸಲ ಆಗುವುದು ಎಂದರೆ ಎಂದೂ ಆಗದು ಎಂದಲ್ಲ. ಒಂದೇ ಪಂದ್ಯ ನೋಡಿ ದರ ಸರಿಯೋ ತಪ್ಪೋ ಹೇಳಲಾಗದು, ಅಂಥ ನೂರಾರು ಪಂದ್ಯಗಳನ್ನು ಒಟ್ಟಿಗೆ ಇಟ್ಟು ಎಣಿಸಬೇಕು. ಆಸ್ಟ್ರೇಲಿಯಾದ ಲಿಲಿ ಮತ್ತು ಮಾರ್ಷ್ ಎದುರಾಳಿಯ ಮೇಲೆ ಹಣ ಕಟ್ಟಿ 7,500 ಪೌಂಡ್ ಗೆದ್ದ ಕಥೆಯನ್ನು ಇಂದಿಗೂ ಜನ ಹೇಳುತ್ತಾರೆ. ಅಂಥದೇ ದರಕ್ಕೆ ಕಟ್ಟಿ ಸೋತವರ ಕಥೆ ಯಾರೂ ಹೇಳುವುದಿಲ್ಲ, ಎಣಿಕೆಗೆ ಸಿಗುವುದೂ ಇಲ್ಲ.

ಚೆನ್ನಾಗಿ ಲೆಕ್ಕ ಕಲಿತರೆ ಬುಕ್ಕಿಯನ್ನೇ ಸೋಲಿಸಬಹುದಲ್ಲ ಎಂಬ ಆಸೆ ಈ ಪಾಠದಿಂದಲೇ ಹುಟ್ಟಬಹುದು. ಈ ಅಪಾಯ ನಿಜ. ಅದಕ್ಕೆ ಮೇಡಂ ಕೊಟ್ಟ ಉತ್ತರವೂ ಲೆಕ್ಕವೇ: ನಿಮ್ಮ ಅಂದಾಜು ಶೇ 50ರ ಬದಲು 52 ಸರಿಯಾದರೂ 100ಕ್ಕೆ ಬರುವುದು 98.80. ಅಂಗಡಿಗಿಂತ ಜಾಣರಾದ ಮೇಲೂ ನಷ್ಟ. ಅದೂ ಮೀರಿ ಸತತವಾಗಿ ಗೆಲ್ಲುವ ಗಿರಾಕಿಗೆ ಅಂಗಡಿಗಳು ಮಿತಿ ಹಾಕುವುದುಂಟು.

ಮನೆಗೆಲಸಕ್ಕೆ ಒಂದೇ ಲೆಕ್ಕ ಕೊಟ್ಟರು. ಮೂರು ಪಂದ್ಯಗಳ ವಿಜೇತರನ್ನು ಒಟ್ಟಿಗೆ ಸರಿಯಾಗಿ ಹೇಳಿದರೆ 100ಕ್ಕೆ ಸುಮಾರು 686 ರೂಪಾಯಿ. ದರ 1.90 ಮೂರು ಸಲ ಗುಣಿಸಿದ್ದು. ಇದು ಒಂದು ಪಂದ್ಯಕ್ಕಿಂತ ಒಳ್ಳೆಯದೋ ಕೆಟ್ಟದ್ದೋ? ಸೋಮವಾರ ಉತ್ತರ ಬರೆದು ತಂದವಳು ಅದೇ ‘ಶೇ 105’ರ ಹುಡುಗಿ. ಎಂಟರಲ್ಲಿ ಒಂದು ಸಲ ಮಾತ್ರ ಮೂರೂ ಸರಿಯಾಗುತ್ತದೆ, 686ನ್ನು ಎಂಟರಿಂದ ಭಾಗಿಸಿದರೆ 85.75. ಒಂದು ಪಂದ್ಯದಲ್ಲಿ ನೂರಕ್ಕೆ ಐದು ಉಳಿಸಿಕೊಳ್ಳುತ್ತಿದ್ದ ಅಂಗಡಿ ಇಲ್ಲಿ ಹದಿನಾಲ್ಕು ಚಿಲ್ಲರೆ ಉಳಿಸಿಕೊಳ್ಳುತ್ತದೆ. ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಅವಳು ಇನ್ನೊಂದು ಸಾಲು ಸೇರಿಸಿದ್ದಳು: ‘ಅದಕ್ಕೇ 686 ದಪ್ಪ ಅಕ್ಷರದಲ್ಲಿ ಇರುತ್ತದೆ.’